ಬೆಕ್ಕು ಕಾಣೆಯಾದಾಗ ನೆರೆಯವರಿಗೆ ಏನು ಬರೆಯಬೇಕು?

ಪ್ರಶ್ನೆ: ನಮ್ಮ ಮಿಂಚುಗೆ ನಾಲ್ಕು ವರ್ಷ. ಮರಿಯಾಗಿದ್ದಾಗಿನಿಂದ ಮನೆಯೊಳಗೇ ಬೆಳೆದವಳು. ಮಂಗಳವಾರ ಬಣ್ಣ ಬಳಿಯುವವರು ಬಂದಿದ್ದಾಗ ಬಾಗಿಲು ತೆರೆದಿತ್ತು, ಹೊರಗೆ ಹೋಗಿಬಿಟ್ಟಿದ್ದಾಳೆ. ಬುಧವಾರ ಬಡಾವಣೆಯ ಗುಂಪಿನಲ್ಲಿ “ನಮ್ಮ ಮುದ್ದಿನ ಬೆಕ್ಕು ನಿನ್ನೆಯಿಂದ ಕಾಣುತ್ತಿಲ್ಲ, ಬೂದು ಬಣ್ಣ, ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ” ಅಂತ ಹಾಕಿದೆ, ಜೊತೆಗೆ ಅವಳ ಮುಖದ ಫೋಟೋ. ನಲವತ್ತು ಜನ ಕೈಮುಗಿಯುವ ಚಿತ್ರ ಹಾಕಿದರು, ನೋಡಿದೆ ಅಂದವರು ಒಬ್ಬರೂ ಇಲ್ಲ. ಯಾರೋ ಕದ್ದಿರಬೇಕು ಅಂತ ಒಬ್ಬರು, ಎಷ್ಟು ದೂರ ಹೋದರೂ ತಾನೇ ಬರುತ್ತಾಳೆ ಅಂತ ಇನ್ನೊಬ್ಬರು, ಲಿಟರ್ ಬಾಕ್ಸ್ ಹೊರಗಿಡಿ, ವಾಸನೆ ಹಿಡಿದು ಬರುತ್ತಾಳೆ ಅಂತ ಮತ್ತೊಬ್ಬರು. ನನಗೇನೋ ಅಕ್ಕಪಕ್ಕದವರ ಶೆಡ್ಡುಗಳನ್ನು ನೋಡಬೇಕು ಅನ್ನಿಸುತ್ತಿದೆ. ಅವರು ತಪ್ಪು ತಿಳಿಯದ ಹಾಗೆ ಕೇಳುವುದು ಹೇಗೆ? ಇವತ್ತು ಶುಕ್ರವಾರ.

ಉತ್ತರ: ಶೆಡ್ಡಿನ ಬಗ್ಗೆ ನಿಮಗೆ ಅನ್ನಿಸುತ್ತಿರುವುದು ಸರಿಯಾಗಿದೆ. ನಿಮ್ಮ ಸಂದೇಶ ಓದಿದ ನಲವತ್ತು ಜನಕ್ಕೂ ಮರುಕ ಬಂದಿದೆ, ಆದರೆ ಎದ್ದು ಹೋಗಿ ಮಾಡಬೇಕಾದ ಕೆಲಸ ಯಾವುದೂ ಅದರಲ್ಲಿ ಇರಲಿಲ್ಲ. ಶೇರ್ ಮಾಡಿ ಅಂದಿರಿ, ಮಾಡಿದರು. ಮೂರು ಮೈಲಿ ಆಚೆಯವರಿಗೂ ಮಿಂಚುವಿನ ಮುಖ ಈಗ ಗೊತ್ತು. ಗೊತ್ತಾಗಬೇಕಾದದ್ದು ನಿಮ್ಮ ಮನೆಯ ಸುತ್ತಲಿನ ಹತ್ತು ಹದಿನೈದು ಮನೆಯವರಿಗೆ, ಅದೂ ಅವಳ ಮುಖಕ್ಕಿಂತ ಹೆಚ್ಚಾಗಿ ಅವಳು ಹೊರಬಿದ್ದ ಹೊತ್ತು.

ಯಾಕೆ ಅಷ್ಟು ಹತ್ತಿರ ಅನ್ನುವುದನ್ನು ಮೊದಲು ಹೇಳುತ್ತೇನೆ. ಹೊರಗೆ ಓಡಾಡಿ ಅಭ್ಯಾಸವಿರುವ ಬೆಕ್ಕು ಕಾಣೆಯಾದರೆ ಅದರ ಓಡಾಟಕ್ಕೆ ಏನೋ ಅಡ್ಡ ಬಂದಿದೆ ಎಂದು ಅರ್ಥ. ಎಲ್ಲೋ ಸಿಕ್ಕಿಬಿದ್ದಿರಬಹುದು, ಪೆಟ್ಟಾಗಿರಬಹುದು, ಇನ್ನೊಂದು ಬೆಕ್ಕು ಅಟ್ಟಿಸಿಕೊಂಡು ಹೋಗಿರಬಹುದು. ಮನೆಯೊಳಗೇ ಬೆಳೆದ ಬೆಕ್ಕಿನ ಕಥೆ ಬೇರೆ. ಅದಕ್ಕೆ ಹೊಸ್ತಿಲಿನ ಆಚೆಗಿನದೆಲ್ಲ ಪರದೇಶ. ಹೊರಬಿದ್ದ ಕೂಡಲೇ ಮೊದಲು ಸಿಕ್ಕ ಸಂದಿಗೆ ನುಗ್ಗಿ ಅಲ್ಲೇ ಕೂರುತ್ತದೆ. 2018ರಲ್ಲಿ ಬೆಕ್ಕು ಕಳೆದುಕೊಂಡ 1,210 ಮಾಲೀಕರ ಅನುಭವ ಕಲೆಹಾಕಿದ ಒಂದು ಅಧ್ಯಯನ ಪ್ರಕಟವಾಯಿತು. ಸಿಕ್ಕ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೆ. ಮನೆಯೊಳಗಿನ ಬೆಕ್ಕುಗಳು ಅದಕ್ಕಿಂತಲೂ ಹತ್ತಿರ ಇರುತ್ತವೆ. ನನ್ನ ಬಳಿ ಬಂದವರ ಬೆಕ್ಕುಗಳಲ್ಲಿ ಹೆಚ್ಚಿನವು ಮನೆಯಿಂದ ಎರಡು ಮೂರು ಕಾಂಪೌಂಡು ದಾಟಿರಲಿಲ್ಲ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ: ಜೀವಂತ ಸಿಕ್ಕ ಸಾಧ್ಯತೆ ಹೆಚ್ಚಿದ್ದದ್ದು ಮಾಲೀಕರು ಖುದ್ದಾಗಿ ಕಾಲ್ನಡಿಗೆಯಲ್ಲಿ ಹುಡುಕಿದಾಗ. ತಾನೇ ಬರುತ್ತದೆ ಎಂದು ಕೂರುವ ಸಲಹೆಗೆ ನನ್ನ ಉತ್ತರವೂ ಅದೇ. ಕೆಲವು ಬರುತ್ತವೆ, ನಿಜ. ಮುಚ್ಚಿದ ಬಾಗಿಲಿನ ಹಿಂದೆ ಇರುವುದು ಹೇಗೆ ಬಂದೀತು?

ಕಳ್ಳತನ ಆಗುವುದೇ ಇಲ್ಲ ಎನ್ನಲಾರೆ. ಆದರೆ ಬಣ್ಣದವರ ಗದ್ದಲಕ್ಕೆ ಹೆದರಿ ಓಡಿದ ಬೆಕ್ಕನ್ನು ಅಪರಿಚಿತರು ಹಿಡಿಯುವುದು ಸುಲಭವಲ್ಲ, ನಿಮಗೇ ಕೈಗೆ ಸಿಗಲಾರದು. ಗುಂಪಿನಲ್ಲಿ ಕಳ್ಳತನದ ಮಾತು ಎದ್ದಿತೆಂದರೆ ಇನ್ನೊಂದು ಕೆಡುಕೂ ಇದೆ. ಯಾರದೋ ಶೆಡ್ಡಿನಲ್ಲಿ ಬೆಕ್ಕು ಸಿಕ್ಕಿದರೆ ಅವರೇ ಕಳ್ಳರು ಅನ್ನಿಸಿಕೊಳ್ಳುವ ಭಯ ಶುರುವಾಗುತ್ತದೆ. ಹಾಗಾದಾಗ ಜನ ಸುಮ್ಮನೆ ಬಾಗಿಲು ತೆರೆದು ಓಡಿಸಿಬಿಡುತ್ತಾರೆ, ನಿಮಗೆ ಹೇಳುವುದಿಲ್ಲ.

ಲಿಟರ್ ಬಾಕ್ಸಿನ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಮೈಲಿಗಟ್ಟಲೆ ದೂರದಿಂದ ಬೆಕ್ಕು ಅದರ ವಾಸನೆ ಹಿಡಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬೀದಿಯ ಬೇರೆ ಬೆಕ್ಕುಗಳಿಗೆ ಮಾತ್ರ ಆ ವಾಸನೆ ಚೆನ್ನಾಗಿ ತಿಳಿಯುತ್ತದೆ. ಅವು ಬಂದು ಮೂಸಿ, ಪಕ್ಕದಲ್ಲೇ ಗುರುತು ಹಾಕಿ ಹೋದರೆ, ಹತ್ತಡಿ ಆಚೆ ಅಡಗಿರುವ ಮಿಂಚು ಇನ್ನಷ್ಟು ಒಳಗೆ ಸರಿಯುತ್ತಾಳೆ. ಅದರ ಬದಲು ನೀವು ಹೊದ್ದ ಹೊದಿಕೆಯನ್ನೋ ಅವಳು ಮಲಗುತ್ತಿದ್ದ ಬಟ್ಟೆಯನ್ನೋ ಬಾಗಿಲ ಹತ್ತಿರ ಇಡಿ, ಸಾಕು.

ಈಗ ನೋಟಿಸಿಗೆ ಬರೋಣ. ನಿಮ್ಮ ಪತ್ರ ಓದಿ ಫೋನಿನಲ್ಲಿ ಮಾತಾಡಿದಾಗ ನಾನು ಮೊದಲು ಕೇಳಿದ್ದು, ಕೊನೆಯ ಸಲ ಅವಳನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂದು. “ಸಂಜೆ ಏಳಕ್ಕೆ” ಅಂದಿರಿ. ಕೆದಕಿದಾಗ ಗೊತ್ತಾಯಿತು, ಏಳಕ್ಕೆ ನೀವು ಅವಳನ್ನು ನೋಡಿದ್ದಲ್ಲ, ಅವಳಿಲ್ಲ ಎಂಬುದನ್ನು ಗಮನಿಸಿದ್ದು. ನಿಮ್ಮ ಅತ್ತೆಯವರು ಮಧ್ಯಾಹ್ನ ಎರಡೂವರೆಗೆ ಅವಳು ಸೋಫಾದ ಕೆಳಗಿದ್ದದ್ದನ್ನು ನೋಡಿದ್ದರು. ಬಣ್ಣದವರು ಹಿಂಬಾಗಿಲು ತೆರೆದಿಟ್ಟು ಏಣಿ ಒಳಗೆ ತಂದದ್ದು ಮೂರರ ಸುಮಾರಿಗೆ, ಹೋದದ್ದು ಐದಕ್ಕೆ. ಅಲ್ಲಿಗೆ ಅವಳು ಹೊರಬಿದ್ದದ್ದು ಹೆಚ್ಚುಕಡಿಮೆ ಮೂರರಿಂದ ಐದರೊಳಗೆ, ಹಿಂಬಾಗಿಲಿನಿಂದ. ನೀವು ಹುಡುಕಿದ್ದು ಮುಂದಿನ ರಸ್ತೆ.

ನೆರೆಯವರ ನೆನಪನ್ನು ತಟ್ಟುವುದು ಈ ಎರಡು ಗಂಟೆಯ ಅವಧಿ. “ನಿನ್ನೆಯಿಂದ ಕಾಣುತ್ತಿಲ್ಲ” ಎಂದು ಓದಿದವರಿಗೆ ಏನೂ ಹೊಳೆಯುವುದಿಲ್ಲ. “ಮಂಗಳವಾರ ಮಧ್ಯಾಹ್ನ ಮೂರರಿಂದ ಐದು” ಎಂದು ಓದಿದರೆ, ಆ ಹೊತ್ತಿಗೆ ಸೈಕಲ್ ತೆಗೆಯಲು ಶೆಡ್ಡು ತೆರೆದವರಿಗೆ ತಾವು ತೆರೆದದ್ದು ನೆನಪಾಗುತ್ತದೆ. ಮೇಲಾಗಿ ಸಂದೇಶ ಕೈಯಿಂದ ಕೈಗೆ ಹೋಗುತ್ತಾ “ನಿನ್ನೆ” ಎಂಬುದು ದಿನಾ ಹೊಸ ನಿನ್ನೆಯಾಗುತ್ತದೆ. ಎರಡು ವಾರದ ಹಿಂದೆಯೇ ಸಿಕ್ಕಿದ ಬೆಕ್ಕನ್ನು ಜನ ಇನ್ನೂ ಹುಡುಕುತ್ತಿದ್ದದ್ದನ್ನು ಕಂಡಿದ್ದೇನೆ. ಆದ್ದರಿಂದ ವಾರದ ಜೊತೆಗೆ ತಾರೀಖು, ಗಂಟೆ ಎರಡೂ ಇರಲಿ. ಕಂಡ ಹೊತ್ತು ಮತ್ತು ಗಮನಿಸಿದ ಹೊತ್ತು ಬೇರೆ ಬೇರೆಯಾಗಿರಲಿ.

ಫೋಟೋ ವಿಷಯ. ನೀವು ಹಾಕಿದ್ದು ಚೆಲುವಾದ ಮುಖ. ಆದರೆ ಅಡಗಿದ ಬೆಕ್ಕು ಯಾರಿಗೂ ಮುಖ ತೋರಿಸುವುದಿಲ್ಲ. ಕಂಡವರಿಗೆ ಕಾಣುವುದು ಗೋಡೆಯ ಬದಿಯಲ್ಲಿ ಸರಿದುಹೋದ ಪಕ್ಕೆ, ಬಾಲ, ಕಾಲು. ಪಕ್ಕದಿಂದ ಇಡೀ ಮೈ ಕಾಣುವ, ಹಗಲು ಬೆಳಕಿನಲ್ಲಿ ತೆಗೆದ ಒಂದು ಫೋಟೋ ಮುಖದ ಫೋಟೋಗಿಂತ ಮೊದಲು ಬರಲಿ. ಇನ್ನು “ಬೂದು ಬಣ್ಣ” ಎಂಬ ಮಾತು. ಮಿಂಚು ಬರೀ ಬೂದು ಅಲ್ಲ, ಬೂದಿಯ ಮೇಲೆ ಕಪ್ಪು ಪಟ್ಟೆ, ಕತ್ತಿನ ಕೆಳಗೆ ಬಿಳಿ, ಮುಂಗಾಲು ಎರಡಕ್ಕೂ ಬಿಳಿ ಕಾಲುಚೀಲ ಹಾಕಿದಂತೆ. ಈಗ ಎಷ್ಟೋ ಮನೆಗಳ ಗೇಟಿಗೆ ಕ್ಯಾಮೆರಾ ಇದೆ, ಬೆಕ್ಕು ಓಡಾಡುವುದು ರಾತ್ರಿ. ಕತ್ತಲಲ್ಲಿ ಆ ಕ್ಯಾಮೆರಾಗಳಲ್ಲಿ ಹೆಚ್ಚಿನವು ತೋರಿಸುವುದು ಕಪ್ಪುಬಿಳುಪು ಚಿತ್ರ. ಅದರಲ್ಲಿ ಕೇಸರಿ ಬೆಕ್ಕೂ ಬೂದಿಯೇ, ಕಂದು ಬೆಕ್ಕೂ ಬೂದಿಯೇ. ಉಳಿಯುವುದು ಪಟ್ಟೆ ಇದೆಯೋ ಇಲ್ಲವೋ, ಬಿಳಿ ಎಲ್ಲಿದೆ, ಬಾಲ ಉದ್ದವೋ ಮೊಂಡೋ ಎಂಬುದು ಮಾತ್ರ. ಅದನ್ನೇ ಬರೆಯಿರಿ. ತಳಿಯ ಹೆಸರು ಬೇಡ, ಯಾರಿಗೂ ಗೊತ್ತಿರುವುದಿಲ್ಲ. ಕತ್ತಿನ ಪಟ್ಟಿ ಇತ್ತು ಎಂದರೆ “ಬಿದ್ದುಹೋಗಿರಬಹುದು” ಎಂದೂ ಸೇರಿಸಿ. ಇಲ್ಲವಾದರೆ ಪಟ್ಟಿಯಿಲ್ಲದ ಬೆಕ್ಕನ್ನು ನೋಡಿದವರು ಇದು ಅದಲ್ಲ ಎಂದು ಸುಮ್ಮನಾಗುತ್ತಾರೆ.

ಒಂದು ಗುರುತನ್ನು ಮಾತ್ರ ಬರೆಯದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಯಾವುದೆಂದು ಫೋನಿನಲ್ಲಿ ಹೇಳಿದ್ದೀರಿ, ಇಲ್ಲೂ ಬರೆಯುವುದಿಲ್ಲ. ಹಾಕುವ ಫೋಟೋಗಳಲ್ಲೂ ಅದು ಕಾಣದಿರಲಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಇನ್ನು ನೀವು ಕೇಳಿದ ಶೆಡ್ಡಿನ ಮಾತು. “ನಿಮ್ಮ ಶೆಡ್ಡು ನೋಡಿ” ಎಂದಷ್ಟೇ ಬರೆದರೆ ಜನ ಬಾಗಿಲು ತೆರೆದು, “ಪುಸ್ ಪುಸ್” ಎಂದು ಎರಡು ಸಲ ಕರೆದು, ಇಲ್ಲ ಎಂದು ಮುಚ್ಚುತ್ತಾರೆ. ಅವರ ತಪ್ಪಲ್ಲ. ಬೆಕ್ಕಿದ್ದರೆ ಕೂಗುತ್ತದೆ, ಬಾಗಿಲು ತೆರೆದರೆ ಹೊರಗೆ ಓಡುತ್ತದೆ ಎಂದೇ ಎಲ್ಲರ ಎಣಿಕೆ. ಹೆದರಿದ ಬೆಕ್ಕು ಎರಡನ್ನೂ ಮಾಡುವುದಿಲ್ಲ. ಅದಕ್ಕೆ ಕೂಗುವುದೆಂದರೆ ತಾನಿರುವ ಜಾಗವನ್ನು ಶತ್ರುವಿಗೆ ತೋರಿಸಿಕೊಟ್ಟಂತೆ. ಸಾಕಿದವರ ದನಿ ಕೇಳಿದರೂ ಉಸಿರು ಬಿಗಿಹಿಡಿದು ಕೂರುತ್ತದೆ. ಇದು ಮುನಿಸೂ ಅಲ್ಲ, ಮರೆವೂ ಅಲ್ಲ. “ನಾನು ಕರೆದರೆ ಬಂದೇ ಬರುತ್ತಾಳೆ” ಎಂದು ಪ್ರತಿಯೊಬ್ಬರೂ ನನಗೆ ಹೇಳುತ್ತಾರೆ. ಮನೆಯೊಳಗೆ ಆ ಮಾತು ನಿಜವೇ.

ಒಂದು ಸಂಗತಿ ನೆನಪಾಗುತ್ತಿದೆ. ಹೀಗೇ ಮನೆಯೊಳಗಿದ್ದ ಕಪ್ಪು ಬೆಕ್ಕೊಂದು ತಪ್ಪಿಸಿಕೊಂಡಿತ್ತು. ಪಕ್ಕದ ಮನೆಯ ಹಿರಿಯರು ತಮ್ಮ ಶೆಡ್ಡನ್ನು ಎರಡು ಸಲ ನೋಡಿ ಇಲ್ಲವೆಂದಿದ್ದರು, ಪ್ರಾಮಾಣಿಕವಾಗಿಯೇ. ಆರನೇ ದಿನ ನಾನು ಮಾಲೀಕರಿಗೆ, ಹಿಟ್ಟು ಚೆಲ್ಲಲು ಅನುಮತಿ ಕೇಳಿ ಎಂದೆ. ರಾತ್ರಿ ಮಲಗುವ ಮೊದಲು ಶೆಡ್ಡಿನ ಬಾಗಿಲ ಒಳಗೆ ನೆಲದ ಮೇಲೆ ಒಂದು ಹಿಡಿ ಹಿಟ್ಟನ್ನು ತೆಳ್ಳಗೆ ಹರಡಿ, ಆಚೆಗೆ ಒಂದು ಬಟ್ಟಲು ನೀರಿಟ್ಟು ಬಾಗಿಲು ಮುಚ್ಚಿದರು. ಬೆಳಿಗ್ಗೆ ಹಿಟ್ಟಿನ ಮೇಲೆ ದುಂಡನೆಯ ಹೆಜ್ಜೆಗಳು, ಉಗುರಿನ ಗುರುತಿಲ್ಲ. ನಡೆಯುವಾಗ ಬೆಕ್ಕು ಉಗುರು ಒಳಗೆಳೆದುಕೊಳ್ಳುತ್ತದೆ, ಇಲಿ ಹೆಗ್ಗಣಗಳ ಹೆಜ್ಜೆ ಹಾಗಿರುವುದಿಲ್ಲ. ಗೋಡೆಗೆ ಒರಗಿಸಿಟ್ಟ ಹಲಗೆಗಳ ಹಿಂದೆ ಒಂದು ಗೇಣಿಗೂ ಕಡಿಮೆ ಸಂದಿ ಇತ್ತು. ಬೆಕ್ಕು ಅಷ್ಟೂ ದಿನ ಅಲ್ಲೇ ಇತ್ತು. ತಲೆ ನುಗ್ಗುವಷ್ಟು ಜಾಗವಿದ್ದರೆ ಮೈಯೂ ನುಗ್ಗುತ್ತದೆ ಎಂಬುದನ್ನು ಆ ಹಿರಿಯರು ಆಮೇಲೆ ಬೀದಿಗೆಲ್ಲ ಹೇಳಿಕೊಂಡು ತಿರುಗಿದರು.

ಹಾಗಾಗಿ ನೋಟಿಸಿನಲ್ಲಿ ಹೇಗೆ ನೋಡಬೇಕು ಎಂಬುದನ್ನೂ ಒಂದೆರಡು ಸಾಲಿನಲ್ಲಿ ಹೇಳಬೇಕು. ಕತ್ತಲಾದ ಮೇಲೆ, ಟಾರ್ಚನ್ನು ಸೊಂಟದ ಬಳಿ ಹಿಡಿಯದೆ ಕಣ್ಣಿನ ಮಟ್ಟದಲ್ಲಿ ಕೆನ್ನೆಯ ಪಕ್ಕ ಹಿಡಿದು, ನಿಧಾನವಾಗಿ ಮೂಲೆಗಳತ್ತ ತಿರುಗಿಸಬೇಕು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ, ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಬೆಳಕು ನಮ್ಮ ಕಣ್ಣಿನ ಪಕ್ಕದಿಂದ ಹೊರಟರೆ ಮಾತ್ರ ಆ ಹೊಳಪು ನಮ್ಮ ಕಣ್ಣಿಗೇ ಮರಳುತ್ತದೆ. ಹಗಲಲ್ಲಿ ಮೂರು ಸಲ ನೋಡಿ ಸಿಗದ ಬೆಕ್ಕು ರಾತ್ರಿ ಎರಡು ಹಸಿರು ಚುಕ್ಕೆಯಾಗಿ ಕಾಣುವುದು ಹೀಗೆ. ನೆಲವನ್ನಷ್ಟೇ ನೋಡಿದರೆ ಸಾಲದು, ಅಟ್ಟ, ಅಡ್ಡಪಟ್ಟಿ, ಪೆಟ್ಟಿಗೆಗಳ ಹಿಂದಿನ ಸಂದಿಗಳನ್ನೂ ನೋಡಬೇಕು.

ಕೇಳುವ ದನಿ ಶಾಂತವಾಗಿರಲಿ ಎನ್ನುವುದಕ್ಕೆ ಸಭ್ಯತೆಯನ್ನು ಮೀರಿದ ಕಾರಣವಿದೆ. ಗಾಬರಿಯ ಸಂದೇಶ ಓದಿದವರು ಗುಂಪು ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಹೆಸರು ಕೂಗುತ್ತಾ ಹುಡುಕಲು ಹೊರಡುತ್ತಾರೆ. ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗುತ್ತಾರೆ. ಮೂರು ಮನೆಯಾಚೆ ಇದ್ದದ್ದು ಮೂರು ಬೀದಿಯಾಚೆ ಹೋಗುವುದು ಆಗಲೇ. ಇನ್ನು ನೀವು ಅಂಜುತ್ತಿರುವ ತಪ್ಪು ತಿಳಿವಳಿಕೆ. “ನಿಮ್ಮ ಶೆಡ್ಡಿನಲ್ಲಿ ಸಿಕ್ಕಿಕೊಂಡಿರಬಹುದು” ಎಂದರೆ ಆರೋಪದಂತೆ ಕೇಳುತ್ತದೆ. “ಬಾಗಿಲು ತೆರೆದಿದ್ದಾಗ ಯಾರಿಗೂ ಕಾಣದ ಹಾಗೆ ನುಸುಳಿರಬಹುದು” ಎಂದರೆ ತಪ್ಪು ಬೆಕ್ಕಿನದಾಗುತ್ತದೆ, ಅದಕ್ಕೇನೂ ಬೇಸರವಿಲ್ಲ.

ಇವೆಲ್ಲ ಸೇರಿಸಿ ನಿಮಗಾಗಿ ಬರೆದದ್ದು ಇದು:

“ಮನೆಯ ಬೆಕ್ಕು ಕಾಣೆಯಾಗಿದೆ. ನಿಮ್ಮ ಶೆಡ್ಡು, ಗ್ಯಾರೇಜು ಒಮ್ಮೆ ನೋಡುವಿರಾ?
ಕೊನೆಗೆ ಕಂಡದ್ದು ಮಾರ್ಚ್ 11, ಮಂಗಳವಾರ, ಮಧ್ಯಾಹ್ನ 2:30. ಪಾರ್ಕಿನ ಹಿಂದಿನ ಸಾಲಿನ ನಮ್ಮ ಮನೆಯ ಹಿಂಬಾಗಿಲಿನಿಂದ 3ರಿಂದ 5ರ ನಡುವೆ ಹೊರಗೆ ಹೋಗಿರಬೇಕು. ಇಲ್ಲವೆಂದು ಗೊತ್ತಾದದ್ದು ಸಂಜೆ 7ಕ್ಕೆ.
ಹೆಣ್ಣು, 4 ವರ್ಷ, ಬೂದಿಯ ಮೇಲೆ ಕಪ್ಪು ಪಟ್ಟೆ. ಕತ್ತಿನ ಕೆಳಗೆ ಬಿಳಿ, ಎರಡೂ ಮುಂಗಾಲು ಬಿಳಿ, ಉದ್ದ ಬಾಲ. ಕತ್ತಿಗೆ ಪಟ್ಟಿ ಇಲ್ಲ.
ಮಂಗಳವಾರ ಮಧ್ಯಾಹ್ನದಿಂದ ಈಚೆಗೆ ನೀವು ಶೆಡ್ಡು, ಗ್ಯಾರೇಜು, ಸಾಮಾನಿನ ಕೋಣೆ ತೆರೆದಿದ್ದರೆ ಅವಳು ಕಾಣದ ಹಾಗೆ ನುಸುಳಿರಬಹುದು. ಹೆದರಿದ್ದಾಳೆ, ಕರೆದರೆ ಕೂಗುವುದಿಲ್ಲ. ಇವತ್ತು ಕತ್ತಲಾದ ಮೇಲೆ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹಲಗೆ, ಪೆಟ್ಟಿಗೆಗಳ ಹಿಂದೆ ಮತ್ತು ಮೇಲೆ ನೋಡಿ. ನೀವು ಒಪ್ಪಿದರೆ ನಾನೇ ಬಂದು ನೋಡುತ್ತೇನೆ, ಹತ್ತು ನಿಮಿಷ ಸಾಕು.
ಕಂಡರೆ ಹಿಡಿಯಬೇಡಿ, ಅಟ್ಟಬೇಡಿ. ಒಳಗಿದ್ದರೆ ಬಾಗಿಲು ಮುಚ್ಚಿ, ಹೊರಗಿದ್ದರೆ ದೂರದಿಂದ ಫೋಟೋ ತೆಗೆದು, ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ.
(ನಿಮ್ಮ ಹೆಸರು, ನಂಬರು.) ಸಿಕ್ಕ ತಕ್ಷಣ ಇಲ್ಲೇ ತಿಳಿಸುತ್ತೇನೆ.”

ಮನೆ ನಂಬರು ಹಾಕಿಲ್ಲ, ಗಮನಿಸಿ. ಸಾಲಿನ ಗುರುತು ಸಾಕು. ಗುಂಪಿನಲ್ಲಿ ಹಾಕಿದ ಮೇಲೆ ಸುತ್ತಲಿನ ಹದಿನೈದು ಮನೆಗೆ ಇದನ್ನೇ ಕಾಗದದಲ್ಲಿ ಮುದ್ರಿಸಿ ಕೈಗೆ ಕೊಡಿ. ಗುಂಪಿನಲ್ಲಿ ಇಲ್ಲದವರು, ಇದ್ದರೂ ಓದದವರು ಇದ್ದೇ ಇರುತ್ತಾರೆ, ಹಳೆಯ ಸಾಮಾನು ತುಂಬಿದ ಶೆಡ್ಡು ಹೆಚ್ಚಾಗಿ ಅಂಥವರ ಮನೆಯಲ್ಲೇ ಇರುತ್ತದೆ. ಮೊದಲು ನಿಮ್ಮ ಹಿಂಬಾಗಿಲಿಗೆ ಬೆನ್ನು ಕೊಟ್ಟಿರುವ ಮನೆಗಳಿಗೆ ಹೋಗಿ. ಊರಿಗೆ ಹೋಗಿ ಬೀಗ ಹಾಕಿರುವ ಮನೆ ಯಾವುದು ಎಂದು ವಿಚಾರಿಸಿ, ಕೀಲಿ ಯಾರ ಬಳಿ ಇದೆ ಎಂದು ತಿಳಿಯಿರಿ. ಅನುಮತಿಯಿಲ್ಲದೆ ಯಾರ ಕಾಂಪೌಂಡಿಗೂ ರಾತ್ರಿ ಟಾರ್ಚು ಹಿಡಿದು ಹೋಗಬೇಡಿ, ಹುಡುಕಾಟ ಅಲ್ಲಿಗೇ ನಿಂತುಹೋದೀತು.

ಬಹುಮಾನ ಬರೆಯಬೇಕೇ ಎಂದೂ ಫೋನಿನಲ್ಲಿ ಕೇಳಿದ್ದಿರಿ. ನಾನಾದರೆ ಬರೆಯುವುದಿಲ್ಲ. ಮೊತ್ತ ಕಂಡರೆ ಹುಡುಗರು ಬೆಕ್ಕನ್ನು ಹಿಡಿಯಲು ಓಡುತ್ತಾರೆ, ಮೋಸಗಾರರಿಗೂ ವಾಸನೆ ಬಡಿಯುತ್ತದೆ. “ನಿಮ್ಮ ಬೆಕ್ಕು ನಮ್ಮಲ್ಲಿದೆ, ಸಾಗಿಸುವ ಖರ್ಚು ಮೊದಲು ಕಳಿಸಿ” ಎಂಬ ಕರೆ ಬಂದರೆ ನೀವು ಬಚ್ಚಿಟ್ಟ ಆ ಗುರುತನ್ನು ಕೇಳಿ, ಈಗಲೇ ತೆಗೆದ ವಿಡಿಯೋ ಕಳಿಸಲು ಹೇಳಿ. ಇದ್ದವರು ಕಳಿಸುತ್ತಾರೆ, ಇಲ್ಲದವರು ಬೈದು ಫೋನ್ ಇಡುತ್ತಾರೆ. “ನೀವೇ ಮಾಲೀಕರೆಂದು ಖಚಿತವಾಗಲು ನಿಮಗೊಂದು ಸಂಖ್ಯೆ ಬಂದಿದೆ, ಹೇಳಿ” ಎಂದರೆ ಅದು ಒಟಿಪಿ, ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಮೈಕ್ರೋಚಿಪ್ ಹಾಕಿಸಿದ್ದೀರಿ, ಒಳ್ಳೆಯದು, ಆದರೆ ಅದು ಅವಳು ಎಲ್ಲಿದ್ದಾಳೆಂದು ತೋರಿಸುವುದಿಲ್ಲ. ಯಾರಾದರೂ ಅವಳನ್ನು ಹಿಡಿದು ಸ್ಕ್ಯಾನರ್ ಆಡಿಸಿದಾಗ 15 ಅಂಕಿಯ ಸಂಖ್ಯೆಯೊಂದನ್ನು ಕೊಡುತ್ತದೆ, ಅಷ್ಟೇ. ಆ ಸಂಖ್ಯೆಯ ಎದುರು ನಿಮ್ಮ ಈಗಿನ ಫೋನ್ ನಂಬರು ಇದೆಯೇ ಎಂದು ಇವತ್ತೇ ನೋಡಿ.

ಯಾರದೋ ಶೆಡ್ಡಿನಲ್ಲಿ ಅವಳು ಇರುವುದು ಖಚಿತವಾಗಿ, ಕೈಗೆ ಬಾರದಿದ್ದರೆ ಎರಡು ದಾರಿ. ಬಾಗಿಲು ಮುಚ್ಚಿ, ಒಬ್ಬರೇ ಒಳಗೆ ನೆಲದ ಮೇಲೆ ಕೂತು, ಅವಳತ್ತ ನೇರ ನೋಡದೆ, ಅವಳ ಮಾಮೂಲಿ ಆಹಾರ ಪಕ್ಕದಲ್ಲಿಟ್ಟುಕೊಂಡು ಕಾಯುವುದು ಒಂದು. ಅರ್ಧ ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಸಂದಿಗೆ ಕೈ ಹಾಕಿ ಎಳೆಯಬೇಡಿ. ಎಷ್ಟೇ ಸಾಧುವಾದ ಬೆಕ್ಕೂ ಆಗ ಕಚ್ಚುತ್ತದೆ, ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಗಾಯ ಕೀವಾಗುತ್ತದೆ. ಎರಡನೆಯದು ಪೆಟ್ಟಿಗೆ ಬೋನು. ಅದನ್ನು ಇಡುವುದಾದರೆ ಮೇಲೆ ಬಟ್ಟೆ ಹೊದಿಸಿ, ಒಂದೆರಡು ಗಂಟೆಗೊಮ್ಮೆ ನೋಡುತ್ತಿರಬೇಕು. ಬೋನಿಟ್ಟು ಮನೆಗೆ ಹೋಗಿ ಮಲಗಿದರೆ ಬೆಳಿಗ್ಗೆ ಬೇರೆ ಪ್ರಾಣಿ ಇರಬಹುದು, ಅಥವಾ ಕಂಬಿಗೆ ಮೂತಿ ಬಡಿದುಕೊಂಡ ನಿಮ್ಮದೇ ಬೆಕ್ಕು.

ಸಿಕ್ಕಿದ ಮೇಲೆ ನೇರ ಪಶುವೈದ್ಯರ ಹತ್ತಿರ ಹೋಗಿ, ಚೆನ್ನಾಗಿಯೇ ಕಂಡರೂ. ಹೊರಡುವ ಮೊದಲು ಶೆಡ್ಡಿನವರನ್ನು ಒಂದು ಮಾತು ಕೇಳಿ: ಒಳಗೆ ಇಲಿ ಪಾಷಾಣ ಇಟ್ಟಿದ್ದರಾ? ಇದ್ದರೆ ಅದರ ಪೊಟ್ಟಣವನ್ನೇ ತನ್ನಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ವಿಷವಾದರೆ ಲಕ್ಷಣ ಕಾಣಲು ಮೂರರಿಂದ ಐದು ದಿನ ಹಿಡಿಯುತ್ತದೆ, ಅಷ್ಟರೊಳಗೆ ಗೊತ್ತಾದರೆ ಮದ್ದಿದೆ. ಇನ್ನೊಂದು ಅಪಾಯ ಉಪವಾಸದ್ದು. ಮೈತುಂಬಿದ ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಕಿವಿಯ ಒಳಬದಿ, ಒಸಡು ಹಳದಿಗೆ ತಿರುಗಿದ್ದರೆ ಇದನ್ನೇ ಶಂಕಿಸಬೇಕು. ಮಿಂಚು ಐದೂವರೆ ಕಿಲೋ ಇದ್ದಾಳೆ ಅಂದಿರಿ, ಅದಕ್ಕೇ ಹೇಳುತ್ತಿದ್ದೇನೆ. ಮನೆಗೆ ತಂದ ಸಂಭ್ರಮಕ್ಕೆ ಬಟ್ಟಲು ತುಂಬ ಸುರಿಯಬೇಡಿ. ನೀರು ಕೊಡಿ, ಆಹಾರ ಒಂದೆರಡು ಚಮಚದಂತೆ ಆಗಾಗ ಕೊಡಿ.

ಇವತ್ತು ರಾತ್ರಿ ಹನ್ನೊಂದರ ಮೇಲೆ, ಬೀದಿ ಸದ್ದಡಗಿದಾಗ, ನಿಮ್ಮ ಹಿಂಬಾಗಿಲಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಆಮೇಲೆ ಟಾರ್ಚು ಹಿಡಿದು ನಿಮ್ಮದೇ ಕಾಂಪೌಂಡಿನಿಂದ ಶುರುಮಾಡಿ. ಬಣ್ಣದವರು ಹಿಂದೆ ಬಿಟ್ಟುಹೋದ ಹಾಳೆ, ಡಬ್ಬಗಳ ರಾಶಿ ಇನ್ನೂ ಅಲ್ಲೇ ಇದೆ ಅಂದಿರಲ್ಲ, ಮೊದಲು ಅದರ ಹಿಂದೆ ನೋಡಿ.